‘ಮಲಗಲಿ ಬಿಡು’ ಎನ್ನುವ ಮೊದಲು: ಕುಡಿದು ಎಚ್ಚರ ತಪ್ಪಿದ ಗೆಳೆಯನನ್ನು ಆಂಬುಲೆನ್ಸ್ ಬರುವವರೆಗೆ ಕಾಯುವುದು ಹೇಗೆ

ನಮ್ಮ ಕರಾವಳಿಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಲವು ವರ್ಷ ರಾತ್ರಿ ಪಾಳಿ ಮಾಡಿದವಳು ನಾನು. ಕುಡಿದು ಎಚ್ಚರ ತಪ್ಪಿದ ಗೆಳೆಯನನ್ನು ಎತ್ತಿಕೊಂಡು ಬಂದವರನ್ನು ‘ಎಷ್ಟು ಕುಡಿದಿದ್ದಾನೆ?’ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ‘ಎರಡೇ ಪೆಗ್, ಸಿಸ್ಟರ್.’ ಆ ಎರಡು ಪೆಗ್ಗಿನ ಲೆಕ್ಕ ನನಗೆ ಬಾಯಿಪಾಠವಾಗಿದೆ, ಅದಕ್ಕೆ ಈಗ ಸಿಟ್ಟೂ ಬರುವುದಿಲ್ಲ. ಸಂಕಟವಾಗುವುದು ಮುಂದಿನ ಪ್ರಶ್ನೆಗೆ. ‘ಎಷ್ಟು ಹೊತ್ತಿನಿಂದ ಹೀಗಿದ್ದಾನೆ?’ ಎಂದರೆ ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರಿಗೂ ಗೊತ್ತಿರುವುದಿಲ್ಲ. ಅವನು ನಿದ್ದೆ ಮಾಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿದಿರುತ್ತಾರೆ.

ಆ ನಿದ್ದೆಯ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಅದು ನಿದ್ದೆಯೋ ಅಲ್ಲವೋ ಎಂದು ತಿಳಿಯುವುದು ಹೇಗೆ, ಅಲ್ಲವೆಂದು ತಿಳಿದ ಮೇಲೆ ಆಂಬುಲೆನ್ಸ್ ಬರುವವರೆಗಿನ ಅರ್ಧ ಗಂಟೆಯೋ ಒಂದು ಗಂಟೆಯೋ ಏನು ಮಾಡಬೇಕು ಎಂಬಷ್ಟೇ ವಿಷಯ. ಒಂದು ರಾತ್ರಿಯ ಕಥೆಯನ್ನು ಜೊತೆಗಿಟ್ಟುಕೊಂಡು ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆ ರಾತ್ರಿ

ಏಪ್ರಿಲ್ ತಿಂಗಳು, ಮದುವೆಗಳ ಕಾಲ. ಶಿರಸಿ ಕಡೆಯ ಐವರು ಗೆಳೆಯರು ದೇವಿಮನೆ ಘಟ್ಟ ಇಳಿದು, ಕುಮಟಾ ಮತ್ತು ಗೋಕರ್ಣದ ನಡುವೆ ಸಮುದ್ರದ ಹತ್ತಿರ ಒಂದು ಬಾಡಿಗೆ ಮನೆ ಹಿಡಿದಿದ್ದರು. ಅವರಲ್ಲೊಬ್ಬ ಮುಂದಿನ ವಾರದ ಮದುಮಗ. ಕಾರು ಓಡಿಸಬೇಕಾದವನು ಮಾತ್ರ ಏನೂ ಮುಟ್ಟಿರಲಿಲ್ಲ. ಗೋವಾ ಕಡೆಯಿಂದ ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಉರಾಕ್ ಬಂದಿತ್ತು. ಗೇರುಹಣ್ಣಿನ ರಸದ ಈ ಮೊದಲ ಬಟ್ಟಿಗೆ ಲಿಂಬೆ ಸೋಡಾ, ಉಪ್ಪು, ಒಂದು ಸೀಳಿದ ಹಸಿಮೆಣಸು ಹಾಕಿಕೊಂಡರೆ ಪಾನಕದಂತೆ ಇಳಿಯುತ್ತದೆ. ಮದುಮಗ ಎರಡು ಲೋಟ ಇಳಿಸಿದ. ಹತ್ತು ಗಂಟೆಯ ಸುಮಾರಿಗೆ ಯಾರೋ ಪಂದ್ಯ ಕಟ್ಟಿದರು: ಒಂದು ಕ್ವಾರ್ಟರ್ ವಿಸ್ಕಿಯನ್ನು ಹತ್ತು ನಿಮಿಷದಲ್ಲಿ ಮುಗಿಸಬೇಕು. ಅವನು ಮುಗಿಸಿದ.

ಹತ್ತೂ ನಲವತ್ತಕ್ಕೆ ನಾಲಿಗೆ ತೊದಲತೊಡಗಿತು. ಹನ್ನೊಂದಕ್ಕೆ ಅಂಗಳದಲ್ಲೇ ಒರಗಿದ. ಐದು ನಿಮಿಷ ಕಳೆದು ವಾಂತಿಯಾಯಿತು. ‘ಒಳ್ಳೆಯದಾಯಿತು, ಎಲ್ಲ ಹೊರಗೆ ಬಂತು’ ಎಂದು ಸಮಾಧಾನ ಪಟ್ಟುಕೊಂಡು ಬಾವಿಕಟ್ಟೆಗೆ ಒಯ್ದು ನಾಲ್ಕು ಕೊಡ ನೀರು ಸುರಿದರು. ಒದ್ದೆ ಬಟ್ಟೆಯಲ್ಲೇ ಒಳಗೆ ತಂದು, ಮಂಚದ ಮೇಲೆ ಅಂಗಾತ ಮಲಗಿಸಿ, ಫ್ಯಾನ್ ಜೋರಾಗಿ ಹಾಕಿ ಬಾಗಿಲು ಎಳೆದುಕೊಂಡರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಈ ಕಾಲು ಗಂಟೆಯಲ್ಲಿ ಅವರು ಮಾಡಿದ ಒಂದೊಂದೂ ತಪ್ಪಾಗಿತ್ತು.

ಹನ್ನೊಂದೂ ಐವತ್ತಕ್ಕೆ ಕಾರು ಓಡಿಸುವವನು ಚಾರ್ಜರ್ ಹುಡುಕಿಕೊಂಡು ಆ ಕೋಣೆಗೆ ಹೋದ. ಗೊರಕೆ ಕೇಳಿಸಿತು. ಆದರೆ ಅದು ಹುಕ್ಕದಲ್ಲಿ ನೀರು ಗುಳುಗುಳಿಸಿದ ಹಾಗಿತ್ತು. ಅವನು ದೀಪ ಹಾಕಿದ.

ಮಲಗಿದ ಮೇಲೂ ಅಮಲು ಏರುತ್ತದೆ

ಕುಡಿಯುವುದನ್ನು ನಿಲ್ಲಿಸಿದ ಕೂಡಲೇ ಅಮಲು ಇಳಿಯತೊಡಗುತ್ತದೆ ಎಂಬುದು ನಮ್ಮ ಜನರ ದೊಡ್ಡ ತಪ್ಪು ತಿಳಿವಳಿಕೆ. ಹೊಟ್ಟೆಯಲ್ಲಿ ಮತ್ತು ಕರುಳಿನಲ್ಲಿ ಉಳಿದ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಕೊನೆಯ ಗುಟುಕಿನ ನಂತರ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ರಕ್ತದಲ್ಲಿ ಅದರ ಮಟ್ಟ ಏರುತ್ತಿರಬಹುದು. ನಮ್ಮ ಮದುಮಗ ಒರಗಿದ್ದು ಹನ್ನೊಂದಕ್ಕೆ. ಅವನಿಗೆ ಅತಿ ಹೆಚ್ಚು ಅಪಾಯವಿದ್ದುದು ಅದಾದ ಮೇಲೆ, ಅವನೊಬ್ಬನೇ ಕೋಣೆಯಲ್ಲಿದ್ದ ಹೊತ್ತಿನಲ್ಲಿ.

ಇಳಿಯುವುದೂ ಬೇಗ ಆಗುವುದಲ್ಲ. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಮದ್ಯಸಾರ ಇರುತ್ತದೆ. ಹಾಗಾಗಿ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಆ ಹತ್ತು ನಿಮಿಷದ ಪಂದ್ಯದ ಋಣ ತೀರಿಸಲು ಅದಕ್ಕೆ ಬೆಳಗಿನವರೆಗೆ ದುಡಿಮೆ. ಎರಡು ಲೋಟ ಉರಾಕಿನದು ಬೇರೆ. ಕಾಫಿಯಾಗಲಿ ತಣ್ಣೀರಾಗಲಿ ಯಕೃತ್ತಿನ ಈ ವೇಗವನ್ನು ಕೂದಲೆಳೆಯಷ್ಟೂ ಹೆಚ್ಚಿಸುವುದಿಲ್ಲ.

ಮದ್ಯ ಮೆದುಳನ್ನು ಮಂಕಾಗಿಸುತ್ತಾ ಹೋಗುತ್ತದೆ. ಮೊದಲು ಮಾತು, ನಡಿಗೆ. ಆಮೇಲೆ ಎಚ್ಚರ. ಕೊನೆಗೆ ಉಸಿರಾಟ ನಡೆಸುವ ಭಾಗ. ಇದರ ನಡುವೆ ಇನ್ನೊಂದು ಕಾವಲೂ ಕೈಬಿಡುತ್ತದೆ. ಗಂಟಲಿಗೆ ಏನಾದರೂ ಅಡ್ಡ ಬಂದರೆ ನಾವು ಕೆಮ್ಮಿ ಉಗುಳುತ್ತೇವೆ. ಅತಿಯಾಗಿ ಕುಡಿದವನಲ್ಲಿ ಅದು ನಡೆಯುವುದಿಲ್ಲ. ಅಂಗಾತ ಮಲಗಿದವನಿಗೆ ವಾಂತಿಯಾದರೆ ಅದು ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಹೀಗೆ ಸಾಯುವವರಲ್ಲಿ ಅನೇಕರು ಸಾಯುವುದು ಮದ್ಯದಿಂದಲ್ಲ, ತಮ್ಮದೇ ವಾಂತಿ ಉಸಿರು ಕಟ್ಟಿಸಿ.

ನಿದ್ದೆಯೋ, ಎಚ್ಚರ ತಪ್ಪಿದ್ದೋ

ದೀಪ ಹಾಕಿದವನು ಮಾಡಿದ್ದನ್ನೇ ನೀವೂ ಮಾಡಿ. ಮೊದಲು ಹೆಸರು ಹಿಡಿದು ಜೋರಾಗಿ ಕೂಗಿ. ಹೆಗಲು ಹಿಡಿದು ಅಲುಗಿಸಿ. ಆಗಲಿಲ್ಲವೆಂದರೆ ಕುತ್ತಿಗೆಗೂ ಹೆಗಲಿಗೂ ನಡುವಿನ ಸ್ನಾಯುವನ್ನು ಗಟ್ಟಿಯಾಗಿ ಚಿವುಟಿ. ನಿದ್ದೆಯಲ್ಲಿರುವ ಕುಡುಕ ಕಣ್ಣು ಬಿಟ್ಟು ನಿಮ್ಮನ್ನು ಬೈಯುತ್ತಾನೆ. ಬೈಗುಳದಲ್ಲಿ ಅರ್ಥವಿದ್ದರೆ, ತನ್ನ ಹೆಸರು, ಇರುವ ಜಾಗ ಹೇಳಿದರೆ ಸದ್ಯಕ್ಕೆ ಸರಿ. ಮಗ್ಗುಲಾಗಿ ಮಲಗಿಸಿ, ಜೊತೆಗೊಬ್ಬರು ಕೂತು, ಹತ್ತು ನಿಮಿಷಕ್ಕೊಮ್ಮೆ ಮತ್ತೆ ಎಬ್ಬಿಸಿ ನೋಡಬೇಕು. ಒಮ್ಮೆ ಎದ್ದವನು ಇನ್ನರ್ಧ ಗಂಟೆಗೆ ಏಳದೆಯೂ ಇರಬಹುದು. ಚಿವುಟಿದರೂ ಬರೀ ನರಳಿದರೆ ಅಥವಾ ನರಳದೆಯೂ ಇದ್ದರೆ ಅದು ನಿದ್ದೆಯಲ್ಲ. ಬೇರೆ ಲಕ್ಷಣಗಳಿಗಾಗಿ ಕಾಯುವ ಅಗತ್ಯವಿಲ್ಲ, ಇದೊಂದೇ ಸಾಕು.

ಆಮೇಲೆ ಉಸಿರು ಎಣಿಸಿ. ಇದನ್ನು ಅಂದಾಜಿನಲ್ಲಿ ಮಾಡಬೇಡಿ. ಹೊಟ್ಟೆಯ ಮೇಲ್ಭಾಗದ ಮೇಲೆ ಅಂಗೈ ಇಟ್ಟು, ಮೊಬೈಲಿನಲ್ಲಿ ಗಡಿಯಾರ ನೋಡಿಕೊಂಡು, ಪೂರ್ತಿ ಒಂದು ನಿಮಿಷ ಎಣಿಸಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಆರಾಮವಾಗಿರುವ ದೊಡ್ಡವರಲ್ಲಿ ಇದು 12ರಿಂದ 20 ಇರುತ್ತದೆ. ಎಂಟಕ್ಕಿಂತ ಕಡಿಮೆಯಾದರೆ, ಅಥವಾ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಹತ್ತು ಸೆಕೆಂಡು ಇಲ್ಲವೇ ಹೆಚ್ಚು ಬಿಡುವು ಬಿದ್ದರೆ ಜೀವಕ್ಕೆ ಅಪಾಯವಿದೆ ಎಂದೇ ಅರ್ಥ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಲಯ ತಪ್ಪಿದ ಉಸಿರಿನಲ್ಲಿ ಆ ಬಿಡುವೇ ಲೆಕ್ಕದಿಂದ ಜಾರಿ ಹೋಗುತ್ತದೆ.

ಬಣ್ಣ ನೋಡುವಾಗ ಮುಖ ನೋಡಬೇಡಿ. ಪುಸ್ತಕಗಳಲ್ಲಿ ‘ಚರ್ಮ ನೀಲಿಯಾಗುತ್ತದೆ’ ಎಂದಿರುತ್ತದೆ. ಬಿಸಿಲುಂಡ ನಮ್ಮ ಚರ್ಮದಲ್ಲಿ ಆ ನೀಲಿ ಕಾಣುವುದಿಲ್ಲ, ಅದೂ ಹಳದಿ ಬಲ್ಬಿನ ಬೆಳಕಿನಲ್ಲಿ. ಕೆಳದುಟಿಯನ್ನು ಮಡಚಿ ಒಳಭಾಗ ನೋಡಿ, ಒಸಡು ನೋಡಿ, ಉಗುರಿನ ಬುಡ ನೋಡಿ. ಅಲ್ಲಿ ಬೂದಿ ಬಣ್ಣವೋ ನೇರಳೆಯೋ ಇದ್ದರೆ ಆಮ್ಲಜನಕ ಸಾಲುತ್ತಿಲ್ಲ. ಮೈ ತಣ್ಣಗೆ, ಜಿಗುಟಾಗಿರುವುದು, ಮಲಗಿದಲ್ಲೇ ಮೂತ್ರ ಹೋಗಿರುವುದು, ಎಚ್ಚರವಿಲ್ಲದೆ ವಾಂತಿಯಾಗುವುದು, ಫಿಟ್ಸ್ ಬರುವುದು ಇವೂ ಅದೇ ಸಾಲಿನವು. ಎಲ್ಲ ಒಟ್ಟಿಗೆ ಕಾಣಿಸಬೇಕೆಂದೇನೂ ಇಲ್ಲ.

ನಮ್ಮ ಚಾಲಕ ಎಣಿಸಿದಾಗ ಏಳು ಬಂತು. ಚಿವುಟಿದ್ದಕ್ಕೆ ಒಂದು ನರಳಿಕೆ, ಅಷ್ಟೇ. ಹನ್ನೊಂದೂ ಐವತ್ತೈದಕ್ಕೆ 108ಕ್ಕೆ ಕರೆ ಹೋಯಿತು.

ಕರೆ ಮಾಡುವಾಗ

108 ಸಿಗದಿದ್ದರೆ 112. ‘ಕುಡಿದು ಬಿದ್ದಿದ್ದಾನೆ’ ಎಂದಷ್ಟೇ ಹೇಳಿದರೆ ಆಚೆಯವರಿಗೆ ಏನೂ ತಿಳಿಯುವುದಿಲ್ಲ. ‘ಎಚ್ಚರವಿಲ್ಲ, ಚಿವುಟಿದರೂ ಏಳುತ್ತಿಲ್ಲ, ನಿಮಿಷಕ್ಕೆ ಏಳು ಸಲ ಉಸಿರಾಡುತ್ತಿದ್ದಾನೆ, ವಾಂತಿಯಾಗಿದೆ’ ಎನ್ನಿ. ಊರಿನ ಹೆಸರಿನ ಜೊತೆ ಹತ್ತಿರದ ದೇವಸ್ಥಾನವನ್ನೋ ಶಾಲೆಯನ್ನೋ ಹೇಳಿ. ಕರಾವಳಿಯಲ್ಲಿ ಹೆದ್ದಾರಿಯಿಂದ ಸಮುದ್ರಕ್ಕೆ ಇಳಿಯುವ ಓಣಿಗಳೆಲ್ಲ ರಾತ್ರಿ ಒಂದೇ ತರಹ ಕಾಣುತ್ತವೆ. ಒಬ್ಬನು ಟಾರ್ಚ್ ಹಿಡಿದು ತಿರುವಿನಲ್ಲಿ ನಿಲ್ಲಲಿ. ಗೋಕರ್ಣದ ಹಾಫ್ ಮೂನ್, ಪ್ಯಾರಡೈಸ್ ಕಡಲತೀರಗಳಿಗೆ ವಾಹನ ಹೋಗುವುದೇ ಇಲ್ಲ. ಅಲ್ಲಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ, ಹೊತ್ತು ತರಲು ಜನರನ್ನೋ ದೋಣಿಯನ್ನೋ ಹುಡುಕಲು ಆಗಲೇ ಒಬ್ಬನನ್ನು ಓಡಿಸಿ.

ಕರೆ ಮಾಡಲು ಹಿಂಜರಿಯುವುದು ಏಕೆಂದು ನನಗೆ ಗೊತ್ತು. ಕ್ಯಾನು ಗೋವಾದ್ದು, ಪೊಲೀಸರು ಬಂದರೆ? ಹುಡುಗಿಯ ಮನೆಯವರಿಗೆ ತಿಳಿದರೆ? ತುರ್ತು ಸ್ಥಿತಿಯಲ್ಲಿ ಬಂದವನಿಗೆ ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮಾವನ ಮನೆಯವರಿಗೆ ಉತ್ತರ ಹೇಳಲು ಮದುಮಗ ಮೊದಲು ಬದುಕಿರಬೇಕು.

ಮಗ್ಗುಲಿಗೆ ತಿರುಗಿಸುವುದು

ಈ ಬರಹದಲ್ಲಿ ಒಂದೇ ಒಂದನ್ನು ನೆನಪಿಡಬೇಕಾದರೆ ಇದನ್ನು ಇಡಿ. ಮಂಚದ ಮೇಲಿದ್ದರೆ ಬೀಳದಂತೆ ನೆಲದ ಚಾಪೆಗೆ ಇಳಿಸಿ. ಅವನ ಪಕ್ಕದಲ್ಲಿ ಮೊಣಕಾಲೂರಿ ಕುಳಿತುಕೊಳ್ಳಿ. ನಿಮ್ಮ ಕಡೆಗಿರುವ ಅವನ ಕೈಯನ್ನು ದೇಹಕ್ಕೆ ಲಂಬವಾಗಿ ಹೊರಕ್ಕೆ ಚಾಚಿ, ಅಂಗೈ ಮೇಲ್ಮುಖವಾಗಿರಲಿ. ಆಚೆ ಕಡೆಯ ಕೈಯನ್ನು ಎದೆಯ ಮೇಲಿಂದ ತಂದು, ಅದರ ಹಿಂಗೈ ನಿಮ್ಮ ಕಡೆಯ ಕೆನ್ನೆಗೆ ತಾಗುವಂತೆ ಹಿಡಿದುಕೊಳ್ಳಿ. ಇನ್ನೊಂದು ಕೈಯಿಂದ ಆಚೆ ಕಡೆಯ ಮೊಣಕಾಲನ್ನು ಪಾದ ನೆಲಕ್ಕೂರುವಂತೆ ಮಡಚಿ ಎತ್ತಿ, ಆ ಮೊಣಕಾಲನ್ನೇ ನಿಮ್ಮತ್ತ ಎಳೆಯಿರಿ. ಎಷ್ಟು ಭಾರದವನಾದರೂ ಮೊಣಕಾಲಿನ ಹಿಡಿತಕ್ಕೆ ಹೊರಳಿ ಬರುತ್ತಾನೆ. ಗಂಡಸರನ್ನು ಹೀಗೆ ಒಬ್ಬಳೇ ತಿರುಗಿಸಿದ ನಾನು ಐವತ್ತು ಕೆ.ಜಿ.ಯವಳು.

ತಿರುಗಿಸಿದ ಮೇಲೆ ಮೇಲಿನ ಕಾಲಿನ ಮೊಣಕಾಲು ಮಡಚಿಯೇ ಇರಲಿ, ಅದು ಮೈ ಮುಂದಕ್ಕೆ ಉರುಳದಂತೆ ತಡೆಯುತ್ತದೆ. ಬೆನ್ನ ಹಿಂದೆ ಒಂದು ದಿಂಬನ್ನೋ ತುಂಬಿದ ಚೀಲವನ್ನೋ ಒತ್ತಿಡಿ. ಈಗ ಮುಖ್ಯವಾದ ಕೆಲಸ: ಗಲ್ಲವನ್ನು ಎತ್ತಿ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆಗೆ ಇಳಿಜಾರಾಗಿರಲಿ. ಗಲ್ಲ ಎದೆಗೆ ಕುಸಿದಿದ್ದರೆ ನಾಲಿಗೆ ಹಿಂದೆ ಸರಿದು ದಾರಿ ಮುಚ್ಚುತ್ತದೆ. ಆ ಗುಳುಗುಳು ಗೊರಕೆ ಬರುವುದು ಹೀಗೆಯೇ, ನಾಲಿಗೆಯಿಂದಲೋ ಗಂಟಲಲ್ಲಿ ನಿಂತ ದ್ರವದಿಂದಲೋ. ಚಾಲಕ ಇಷ್ಟು ಮಾಡಿದ ಕೂಡಲೇ ಬಾಯಿಂದ ಒಂದಷ್ಟು ಹಳದಿ ದ್ರವ ಚಾಪೆಗೆ ಹರಿಯಿತು, ಗೊರಕೆ ನಿಂತಿತು. ಗೊರಕೆ ನಿಂತಾಗ ಉಸಿರೇ ನಿಂತಿತೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಬೇಕು. ಅವನು ನೋಡಿದ. ನಡೆಯುತ್ತಿತ್ತು.

ಬಾಯಲ್ಲಿ ಕಣ್ಣಿಗೆ ಕಾಣುವ ವಾಂತಿಯಿದ್ದರೆ ಬಟ್ಟೆಯಿಂದ ಒರೆಸಿ. ಕಾಣದ್ದನ್ನು ಹುಡುಕಲು ಬೆರಳು ತೂರಿಸಬೇಡಿ. ಆಂಬುಲೆನ್ಸ್ ತಡವಾದರೆ ಅರ್ಧ ಗಂಟೆಗೊಮ್ಮೆ ಇನ್ನೊಂದು ಮಗ್ಗುಲಿಗೆ ಬದಲಿಸಿ, ಕೆಳಗಿನ ತೋಳು ಜೋಮು ಹಿಡಿಯದಿರಲಿ.

ಕಾಯುವ ನಲವತ್ತು ನಿಮಿಷ

ಇನ್ನು ಮಾಡುವ ಕೆಲಸ ಬಹಳ ಬೇಸರದ್ದು. ಐದು ನಿಮಿಷಕ್ಕೊಮ್ಮೆ ಉಸಿರು ಎಣಿಸಿ, ಸಮಯದ ಜೊತೆ ಬರೆದಿಡಿ. ಕಾಗದವಿಲ್ಲದಿದ್ದರೆ ಅಂಗೈ ಮೇಲೆ ಬರೆಯಿರಿ. ‘12.05 - 8, 12.10 - 7, 12.15 - 8’ ಎಂಬ ಒಂದು ಸಾಲು ನಮಗೆ ಹತ್ತು ಜನರ ಗಾಬರಿಯ ವರ್ಣನೆಗಿಂತ ಹೆಚ್ಚು ಉಪಯೋಗ. ಎಣಿಸುವವನು ಕುಡಿಯದವನಾಗಿರಬೇಕು. ಕುಡಿದವನು ಎಣಿಸಿದರೆ ಏಳು ಹದಿನಾಲ್ಕಾಗುತ್ತದೆ, ಇದು ತಮಾಷೆಗೆ ಹೇಳಿದ್ದಲ್ಲ.

ಒದ್ದೆ ಬಟ್ಟೆ ಬಿಚ್ಚಿ ಮೈ ಒರೆಸಿ, ಫ್ಯಾನ್ ಆರಿಸಿ, ಕಂಬಳಿ ಹೊದಿಸಿ. ಏಪ್ರಿಲ್ ಸೆಕೆಯಲ್ಲಿ ಕಂಬಳಿಯೇ ಎಂದು ಉಳಿದವರು ನಕ್ಕರಂತೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೇಲಕ್ಕೆ ಬೆಚ್ಚಗೆನಿಸಿದರೂ ಒಳಗಿನ ಶಾಖ ಸೋರಿಹೋಗುತ್ತಿರುತ್ತದೆ. ಅದರ ಮೇಲೆ ಬಾವಿ ನೀರು, ಫ್ಯಾನಿನ ಗಾಳಿ ಸೇರಿದರೆ ದೇಹ ಇನ್ನಷ್ಟು ತಣಿದು, ಹೃದಯದ ಬಡಿತದ ಲಯವೂ ತಪ್ಪಬಹುದು. ರಾತ್ರಿ ಒದ್ದೆ ಮರಳಿನ ಮೇಲೆ ಮಲಗಿದವನಿಗೂ ಇದೇ ಮಾತು.

ಬಾಯಿಗೆ ಏನೂ ಬೇಡ. ನಮ್ಮ ಕಡೆ ಮಜ್ಜಿಗೆ, ಲಿಂಬೆರಸ, ಹುಣಸೆ ನೀರು, ಮುರುಗಲು ಪಾನಕ ಎಲ್ಲವೂ ಅಮಲಿಳಿಸುತ್ತವೆ ಎಂಬ ನಂಬಿಕೆಯಿದೆ. ಎಚ್ಚರವಿಲ್ಲದವನ ಬಾಯಿಗೆ ಹೊಯ್ದ ಮಜ್ಜಿಗೆ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆಯೇ ಹೆಚ್ಚು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೂ ಕೆಟ್ಟದ್ದು. ಆಗಲೇ ರಕ್ತ ಸೇರಿದ ಮದ್ಯವನ್ನು ವಾಂತಿ ಹಿಂದಕ್ಕೆ ತರುವುದಿಲ್ಲ. ತಲೆನೋವಿನ ಮಾತ್ರೆ, ನಿದ್ದೆ ಮಾತ್ರೆ ಯಾವುದೂ ಬೇಡ. ಎಬ್ಬಿಸಿ ನಡೆಸುವುದೂ ಬೇಡ. ಬಿದ್ದು ತಲೆಗೆ ಪೆಟ್ಟಾದರೆ ಪ್ರಜ್ಞೆ ತಪ್ಪಿದ್ದು ಮದ್ಯದಿಂದಲೋ ಪೆಟ್ಟಿನಿಂದಲೋ ಎಂದು ನಮಗೂ ಗೊಂದಲವಾಗುತ್ತದೆ.

ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇವನ್ನೆಲ್ಲ ಬಿಡಿ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತಗಿನದನ್ನು ಇಟ್ಟು, ಎಷ್ಟು ನಿಮಿಷವೆಂದು ನೋಡಿಕೊಳ್ಳಿ. ನಿಂತ ಕೂಡಲೇ ಮತ್ತೆ ಮಗ್ಗುಲಿಗೆ.

ಉಸಿರು ನಿಂತರೆ, ಅಥವಾ ನೀರಿನಿಂದ ತೆಗೆದ ಮೀನು ಬಾಯಿ ಬಿಟ್ಟಂತೆ ಯಾವಾಗಲೋ ಒಮ್ಮೆ ಎಳೆದರೆ, ಅದನ್ನು ಉಸಿರಾಟ ಎಂದು ಎಣಿಸಬೇಡಿ. ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವಿಟ್ಟು, ಮೇಲೆ ಇನ್ನೊಂದು ಕೈ ಜೋಡಿಸಿ, ಮೊಣಕೈ ಮಡಚದೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. ಬಾಯಿಂದ ಉಸಿರು ಕೊಡುವ ತರಬೇತಿ ಇದ್ದವರು ಮೂವತ್ತು ಒತ್ತಿಗೆ ಎರಡು ಸಲ ಕೊಡಲಿ. ಇಲ್ಲದವರು ಬರೀ ಒತ್ತುತ್ತಿರಲಿ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಮತ್ತೆ 108ಕ್ಕೆ ಕರೆ ಮಾಡಿ ಉಸಿರು ನಿಂತಿದೆ ಎಂದು ತಿಳಿಸಿ.

ಸ್ವಂತ ವಾಹನವೇ ಗತಿಯಾದರೆ

ಘಟ್ಟದ ಮೇಲೆ, ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಕೆಲವೊಮ್ಮೆ ಆಂಬುಲೆನ್ಸ್ ಬರುವ ಹೊತ್ತಿಗೆ ನಾವೇ ಆಸ್ಪತ್ರೆ ತಲುಪಬಹುದು. 108ರವರನ್ನೇ ಕೇಳಿ, ದಾರಿಯಲ್ಲಿ ಎಲ್ಲಿ ಎದುರಾಗಬಹುದೆಂದು ನಿಶ್ಚಯಿಸಿಕೊಳ್ಳಿ. ಘಟ್ಟದಲ್ಲಿ ನೆಟ್‌ವರ್ಕ್ ಹೋಗುತ್ತದೆ, ಆದ್ದರಿಂದ ಮಾತು ಮೊದಲೇ ಮುಗಿದಿರಲಿ. ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಸಿ, ತಲೆ ಹಿಡಿದು ಒಬ್ಬನು ಕೂರಬೇಕು. ತಿರುವುಗಳಲ್ಲಿ ವಾಂತಿಯಾಗಿಯೇ ಆಗುತ್ತದೆ ಎಂದುಕೊಂಡು ಹೊರಡಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ತರುವವರನ್ನು ನೋಡಿದ್ದೇನೆ. ಗಲ್ಲ ಎದೆಗೆ ಬಿದ್ದು ದಾರಿಯುದ್ದಕ್ಕೂ ಉಸಿರು ಕಟ್ಟಿರುತ್ತದೆ, ಮುಂದೆ ಕೂತವನಿಗೆ ಅದು ಗೊತ್ತಾಗುವುದೇ ಇಲ್ಲ.

ಒಪ್ಪಿಸುವಾಗ

ಆಂಬುಲೆನ್ಸ್ ಬಂದದ್ದು ಹನ್ನೆರಡೂ ಮೂವತ್ತೈದಕ್ಕೆ. ಕಾರಿನ ಚಾಲಕ ನಮಗೆ ಕೊಟ್ಟ ವಿವರ ಒಂದು ನಿಮಿಷದ್ದು: ಏನು ಕುಡಿದ, ಎಷ್ಟು, ಕೊನೆಯ ಗುಟುಕು ಎಷ್ಟು ಗಂಟೆಗೆ, ಎಷ್ಟು ಸಲ ವಾಂತಿ, ಎಲ್ಲಾದರೂ ಬಿದ್ದನೇ, ಮಧುಮೇಹವಿದೆಯೇ, ಮಾತ್ರೆ ತಿನ್ನುತ್ತಾನೆಯೇ, ಜೊತೆಗೆ ಉಸಿರಿನ ಲೆಕ್ಕದ ಆ ಸಾಲು. ಕ್ಯಾನನ್ನೂ ತಂದಿದ್ದ. ಚೀಟಿಯಿಲ್ಲದ ಕ್ಯಾನಿನಲ್ಲಿ ಇರುವುದು ಹೇಳಿದ ಪದಾರ್ಥವೇ ಎಂದು ಯಾರೂ ಖಾತ್ರಿ ಕೊಡಲಾರರು. ಕಳ್ಳಬಟ್ಟಿಯಲ್ಲಿ ಮೆಥನಾಲ್ ಬೆರೆತಿದ್ದರೆ ಅದರ ವಿಷ ಕಾಣಿಸಿಕೊಳ್ಳುವುದು ಬಹುತೇಕ 12ರಿಂದ 24 ಗಂಟೆಯ ನಂತರ: ಹೊಟ್ಟೆನೋವು, ವೇಗದ ಉಸಿರು, ಕಣ್ಣ ಮುಂದೆ ಮಂಜು. ಅದಕ್ಕೆ ಬೇರೆಯೇ ಪ್ರತಿಮದ್ದು ಇದೆ, ಹಾಗಾಗಿ ಅದು ನಮಗೆ ತಿಳಿಯಲೇಬೇಕು. ಮಾಮೂಲಿ ಮದ್ಯಕ್ಕೆ ಪ್ರತಿಮದ್ದು ಇಲ್ಲ. ಆಮ್ಲಜನಕ, ಸಕ್ಕರೆ ಇಳಿದಿದ್ದರೆ ಗ್ಲೂಕೋಸ್, ಬೆಚ್ಚಗಿಡುವುದು, ಶ್ವಾಸನಾಳ ಕಾಯುವುದು, ಇಷ್ಟನ್ನು ಮಾಡುತ್ತಾ ಯಕೃತ್ತು ತನ್ನ ಕೆಲಸ ಮುಗಿಸುವುದನ್ನು ನಾವೂ ಕಾಯುತ್ತೇವೆ. ಮದುಮಗ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣು ಬಿಟ್ಟ.

ಆಂಬುಲೆನ್ಸ್ ಹೊರಡುವಾಗ ಕಾರಿನ ಚಾಲಕ ಜೊತೆಗೆ ಹತ್ತಲು ಹೋದ. ಅದರ ಸಿಬ್ಬಂದಿ ಅವನನ್ನು ತಡೆದು, ಪಂದ್ಯ ಕಟ್ಟಿದವರು ಎಲ್ಲಿ ಎಂದು ಕೇಳಿದರು. ಇಬ್ಬರು ಜಗಲಿಯಲ್ಲಿ ತಲೆ ಹಿಡಿದು ಕೂತಿದ್ದರು. ಮೂರನೆಯವನು ಹನ್ನೊಂದೂವರೆಯಿಂದ ಹಿತ್ತಿಲ ಜೋಕಾಲಿಯಲ್ಲಿ ಮಲಗಿದ್ದ, ಅಂಗಾತ. ‘ಮೊದಲು ಅವನನ್ನು ಚಿವುಟಿ ನೋಡಿ’ ಎಂದರು. ಚಾಲಕ ಓಡಿಹೋಗಿ ಚಿವುಟಿದ. ಅವನು ಎದ್ದು ಬೈದ.